ಮೂಗು ತೊಳೆಯುವ ಮುನ್ನ ನೀರು ಸರಿಮಾಡಿಕೊಳ್ಳಿ: ಉಪ್ಪುನೀರಿನ ಸಮಗ್ರ ಮಾರ್ಗದರ್ಶಿ

ಉಪ್ಪುನೀರಿನಲ್ಲಿ ಮೂಗು ತೊಳೆಯಲು ಹೋಗಿ ಕೈಬಿಟ್ಟವರು ಹೇಳುವುದು ಹೆಚ್ಚುಕಡಿಮೆ ಮೂರೇ ಮಾತು. ಉರಿ ತಡೆಯೋಕಾಗಲ್ಲ. ಕಿವಿಗೆ ನೀರು ಹೋಯ್ತು. ನೀರೆಲ್ಲ ಗಂಟಲಿಗೇ ಇಳೀತು. ಈ ಮೂರಕ್ಕೂ ಕಾರಣ ಸುಲಭವಾಗಿ ಸಿಗುತ್ತದೆ. ಆದರೆ ನಾಲ್ಕನೆಯ ತಪ್ಪೊಂದಿದೆ. ಅದು ಉರಿಯುವುದಿಲ್ಲ, ನೋಯುವುದಿಲ್ಲ, ಗೊತ್ತೇ ಆಗುವುದಿಲ್ಲ. ನೀರನ್ನು ಚೆನ್ನಾಗಿ ಕುದಿಸಿ, ಆಮೇಲೆ ಅದಕ್ಕೆ ನಲ್ಲಿಯ ತಣ್ಣೀರು ಬೆರೆಸಿ ಹದ ಮಾಡಿಕೊಳ್ಳುವುದೇ ಆ ತಪ್ಪು. ಸ್ನಾನದ ನೀರಿಗೆ ಮಾಡಿ ಮಾಡಿ ಕೈಗೆ ಅಂಟಿದ ಅಭ್ಯಾಸ ಅದು. ಮೂಗಿನ ವಿಷಯದಲ್ಲಿ ಹಾಗೆ ಮಾಡಿದರೆ ಕುದಿಸಿದ್ದೆಲ್ಲ ದಂಡ.

ಅದಕ್ಕೇ ಇಲ್ಲಿ ನೀರಿಗೆ ಜಾಸ್ತಿ ಜಾಗ ಕೊಟ್ಟಿದ್ದೇನೆ. ಯೋಗ ತರಗತಿಯಲ್ಲಿ ಜಲನೇತಿ ಕಲಿತವರಿಗೂ, ಇಎನ್‌ಟಿ ಡಾಕ್ಟರ್ ಬಾಟಲಿ ಬರೆದುಕೊಟ್ಟವರಿಗೂ ನೀರು ತಯಾರಿಸುವ ಕೆಲಸ ಒಂದೇ.

## ಹಂತ 1: ನಿಮಗೆ ಇದು ಬೇಕಾ ಎಂದು ನೋಡಿಕೊಳ್ಳಿ

ಧೂಳು, ಹೂವಿನ ಪರಾಗ, ಹಾಸಿಗೆಯ ಧೂಳುಹುಳ ಇವುಗಳಿಂದ ಬೆಳಗೆದ್ದರೆ ಹತ್ತು ಹದಿನೈದು ಸೀನು ಬರುವವರಿಗೆ ಇದರಿಂದ ಉಪಯೋಗ ಜಾಸ್ತಿ. ಅಲರ್ಜಿ ಮಾಡುವ ಕಣಗಳು ಮೂಗಿನ ಒಳಗೋಡೆಗೆ ಅಂಟಿ ಕೂತಿರುತ್ತವೆ. ನೀರು ಅವನ್ನು ಸಿಂಬಳದ ಜೊತೆಗೇ ತೊಳೆದು ಹಾಕುತ್ತದೆ. ತಿಂಗಳುಗಟ್ಟಲೆ ಬಿಡದ ಸೈನಸ್ ತೊಂದರೆ ಇರುವವರಿಗೆ ಮತ್ತು ಸೈನಸ್ ಆಪರೇಷನ್ ಆಗಿ ಮೂಗಿನಲ್ಲಿ ಹಕ್ಕಳೆ ಕಟ್ಟುವವರಿಗೆ ಡಾಕ್ಟರುಗಳೇ ಇದನ್ನು ಹೇಳುತ್ತಾರೆ. ಕಲ್ಲು ಕತ್ತರಿಸುವ, ಮರ ಕೊಯ್ಯುವ, ಹಿಟ್ಟಿನ ಗಿರಣಿ ನಡೆಸುವ ಕೆಲಸದವರಿಗೆ ದಿನದ ಕೊನೆಗೆ ಮೂಗು ಹಗುರಾಗುತ್ತದೆ. ಆದರೆ ಇದು ಮಾಸ್ಕ್‌ಗೆ ಬದಲಿಯಲ್ಲ. ಮೂಗಿಗೆ ಬಂದ ಧೂಳು ಹೋಗುತ್ತದೆ, ಶ್ವಾಸಕೋಶಕ್ಕೆ ಇಳಿದದ್ದು ಹೋಗುವುದಿಲ್ಲ.

ಮಾಮೂಲಿ ನೆಗಡಿಯಲ್ಲಿ ಸ್ವಲ್ಪ ಆರಾಮ ಸಿಗಬಹುದು, ಅಷ್ಟೇ. ಮೂಗಿನ ನಡುಗೋಡೆ ಸೊಟ್ಟಗಿದ್ದರೆ ತೊಳೆದು ನೆಟ್ಟಗೆ ಮಾಡಲು ಆಗುವುದಿಲ್ಲ. ಒಳಗೆ ಬೆಳೆದ ದುರ್ಮಾಂಸವೂ ಇದರಿಂದ ಕರಗುವುದಿಲ್ಲ.

ಇನ್ನು ಕೆಲವರು ಡಾಕ್ಟರನ್ನು ಕೇಳದೆ ಶುರು ಮಾಡಲೇಬಾರದು. ಕಿವಿತಮಟೆ ತೂತಾಗಿರುವವರು ಅಥವಾ ಕಿವಿ ಸೋರುತ್ತಿರುವವರು, ಇತ್ತೀಚೆಗೆ ಮೂಗು, ಕಿವಿ ಅಥವಾ ತಲೆಯ ಆಪರೇಷನ್ ಆದವರು, ತಲೆಗೆ ಪೆಟ್ಟು ಬಿದ್ದವರು, ಪದೇ ಪದೇ ಮೂಗಿನಲ್ಲಿ ರಕ್ತ ಬರುವವರು, ನುಂಗಲು ಕಷ್ಟಪಡುವವರು, ಕ್ಯಾನ್ಸರ್ ಚಿಕಿತ್ಸೆ ಅಥವಾ ಅಂಗ ಕಸಿಯಿಂದ ರೋಗ ತಡೆಯುವ ಶಕ್ತಿ ಕುಗ್ಗಿದವರು. ಪುಟ್ಟ ಮಕ್ಕಳಿಗೆ ಬಾಟಲಿ ಬೇಡ. ಅವರಿಗೆ ಔಷಧಿ ಅಂಗಡಿಯ ಸಲೈನ್ ಡ್ರಾಪ್ಸ್ ಸಾಕು, ಅದೂ ಮಕ್ಕಳ ಡಾಕ್ಟರ್ ಹೇಳಿದ ಮೇಲೆ.

## ಹಂತ 2: ಸಾಮಾನು ಹೊಂದಿಸಿಕೊಳ್ಳಿ

ಒಂದು ಮೂಗು ತೊಳೆಯುವ ಬಾಟಲಿ ಅಥವಾ ಉದ್ದ ಮೂತಿಯ ನೇತಿ ಪಾತ್ರೆ. ಬಾಟಲಿಯನ್ನು ಒತ್ತಿದರೆ ನೀರು ಸ್ವಲ್ಪ ರಭಸದಿಂದ ಬರುತ್ತದೆ, ನೇತಿ ಪಾತ್ರೆಯಲ್ಲಿ ತಾನಾಗಿ ಹರಿಯುತ್ತದೆ. ಹೊಸಬರಿಗೆ ಬಾಟಲಿ ಸುಲಭ ಎನ್ನುವುದು ನನ್ನ ಅನುಭವ, ತಲೆಯನ್ನು ಅಷ್ಟೊಂದು ಓರೆ ಮಾಡಬೇಕಾಗಿಲ್ಲ. ಸಾಮಾನ್ಯವಾಗಿ ಸಿಗುವ ಬಾಟಲಿ 240 ಮಿಲಿಲೀಟರಿನ ಆಸುಪಾಸು ಇರುತ್ತದೆ.

ಮುಚ್ಚಳ ಇರುವ ಒಂದು ಸ್ಟೀಲ್ ಪಾತ್ರೆಯನ್ನು ಈ ಕೆಲಸಕ್ಕೇ ಬೇರೆ ಇಡಿ. ಅಡುಗೆಮನೆಯ ಡಿಜಿಟಲ್ ತಕ್ಕಡಿ ಇದ್ದರೆ ಒಳ್ಳೆಯದು. ಲೀಟರ್ ಗುರುತಿರುವ ಜಗ್ಗು ಒಂದು ಬೇಕು. ಆಮೇಲೆ ಉಪ್ಪು, ಅಡುಗೆ ಸೋಡಾ. ಅಷ್ಟೇ.

ಉಪ್ಪಿನ ಬಗ್ಗೆ ಒಂದು ಮಾತು. ಅಯೋಡಿನ್ ಇಲ್ಲದ ಶುದ್ಧ ಉಪ್ಪು ಒಳ್ಳೆಯದು ಎಂದು ಎಲ್ಲ ಕಡೆ ಬರೆದಿರುತ್ತದೆ. ನಮ್ಮ ದೇಶದಲ್ಲಿ ಊಟಕ್ಕೆ ಮಾರುವ ಉಪ್ಪಿಗೆ ಅಯೋಡಿನ್ ಸೇರಿಸಲೇಬೇಕು ಎಂಬ ನಿಯಮವಿದೆ, ಹಾಗಾಗಿ ಕಿರಾಣಿ ಅಂಗಡಿಯಲ್ಲಿ ಅಂಥದ್ದು ಸಿಗುವುದು ಕಷ್ಟ. ಅದಕ್ಕೆಂದು ಕಲ್ಲುಪ್ಪು, ಸೈಂಧವ ಉಪ್ಪಿಗೆ ಹೋಗಬೇಡಿ. ಅವುಗಳಲ್ಲಿ ಮಣ್ಣು, ಬೇರೆ ಖನಿಜ ಇರುತ್ತವೆ, ಹರಳುಗಳ ಗಾತ್ರ ಒಂದೇ ಸಮ ಇರದೆ ಚಮಚದ ಅಳತೆಯೂ ತಪ್ಪುತ್ತದೆ. ಔಷಧಿ ಅಂಗಡಿಯಲ್ಲಿ ಮೂಗು ತೊಳೆಯಲೆಂದೇ ಉಪ್ಪು ಮತ್ತು ಸೋಡಾ ಬೆರೆಸಿದ ಸಣ್ಣ ಪೊಟ್ಟಣಗಳು ಸಿಗುತ್ತವೆ. ಕೈಗೆಟುಕಿದರೆ ಅದೇ ಸರಿ. ಇಲ್ಲದಿದ್ದರೆ ಮಾಮೂಲಿ ಪುಡಿಯುಪ್ಪಿನಲ್ಲೂ ಕೆಲಸ ನಡೆಯುತ್ತದೆ. ಅಳತೆ ಸರಿಯಿದ್ದೂ ಉರಿ ನಿಲ್ಲದಿದ್ದರೆ ಮಾತ್ರ ಪೊಟ್ಟಣಕ್ಕೆ ಬದಲಾಯಿಸಿ.

## ಹಂತ 3: ನೀರು

ಕುಡಿಯಲು ಆಗುವ ನೀರು ಮೂಗಿಗೂ ಆಗುತ್ತದೆ ಎಂದುಕೊಳ್ಳುವುದೇ ಎಲ್ಲದಕ್ಕೂ ಮೂಲ. ನೇಗ್ಲೇರಿಯಾ ಫೌಲೇರಿ ಎಂಬ ಅಮೀಬಾ ಬೆಚ್ಚಗಿನ ಸಿಹಿನೀರಿನಲ್ಲಿ ಬದುಕುತ್ತದೆ. ಪತ್ರಿಕೆಗಳಲ್ಲಿ "ಮೆದುಳು ತಿನ್ನುವ ಅಮೀಬಾ" ಎಂದು ಬರುವುದು ಇದೇ. ಅದು ಇರುವ ನೀರನ್ನು ಕುಡಿದರೆ ಈ ಕಾಯಿಲೆ ಬರುವುದಿಲ್ಲ. ಅದೇ ನೀರು ಮೂಗಿನ ಮೇಲ್ಭಾಗಕ್ಕೆ ಹೋದರೆ, ವಾಸನೆಯ ನರದ ದಾರಿ ಹಿಡಿದು ಮೆದುಳಿಗೆ ಹತ್ತಬಲ್ಲದು. 2011ರಲ್ಲಿ ಅಮೆರಿಕದ ಲೂಸಿಯಾನಾದಲ್ಲಿ ನೇತಿ ಪಾತ್ರೆಗೆ ನಲ್ಲಿನೀರು ಹಾಕಿ ಮೂಗು ತೊಳೆದ ಇಬ್ಬರು ಹೀಗೆಯೇ ಸತ್ತರು. ಪಕ್ಕದ ಕೇರಳದಲ್ಲಿ 2024 ಮತ್ತು 2025ರಲ್ಲಿ ಅಮೀಬಾದಿಂದ ಮೆದುಳು ಜ್ವರ ಬಂದ ಪ್ರಕರಣಗಳನ್ನು ನೀವೂ ಓದಿರುತ್ತೀರಿ. ಇದು ತೀರಾ ಅಪರೂಪದ ಕಾಯಿಲೆ, ನಿಜ. ಬಂದರೆ ಉಳಿಯುವವರು ಕಡಿಮೆ, ತಪ್ಪಿಸಲು ಬೇಕಾದ್ದು ಒಂದು ನಿಮಿಷದ ಕುದಿ. ಲೆಕ್ಕ ಇಷ್ಟೇ.

ಈಗ ನಮ್ಮ ಮನೆಗಳಲ್ಲಿ ಇರುವ ನೀರುಗಳನ್ನು ಒಂದೊಂದಾಗಿ ನೋಡೋಣ.

ಗೀಸರ್ ನೀರು, ಸೋಲಾರ್ ನೀರು: ಬಿಸಿ ಇರುತ್ತದೆ, ಕುದಿದಿರುವುದಿಲ್ಲ. ಸಂಪಿನಿಂದ ಓವರ್‌ಹೆಡ್ ಟ್ಯಾಂಕಿಗೆ, ಅಲ್ಲಿಂದ ಸೋಲಾರ್ ಟ್ಯಾಂಕಿಗೆ ಬಂದು ಉಗುರುಬೆಚ್ಚಗೆ ಕೂತ ನೀರು ಇಂಥ ಜೀವಿಗಳಿಗೆ ಇಷ್ಟವಾದ ಜಾಗ. ಹದವಾಗಿದೆ ಎಂದು ಅದನ್ನೇ ಬಾಟಲಿಗೆ ತುಂಬಬೇಡಿ.

ವಾಟರ್ ಫಿಲ್ಟರಿನ ನೀರು: ಆರ್‌ಒ, ಯುವಿ ಯಂತ್ರ ಕುಡಿಯಲು ಸರಿ. ಆದರೆ ಶುದ್ಧವಾದ ನೀರು ಅದರ ತೊಟ್ಟಿಯಲ್ಲಿ, ಕೊಳವೆಯಲ್ಲಿ, ನಲ್ಲಿಯ ಬಾಯಲ್ಲಿ ನಿಲ್ಲುತ್ತದೆ. ಸರ್ವಿಸ್ ಯಾವಾಗ ಆಯಿತೋ ಯಾರಿಗೆ ನೆನಪಿರುತ್ತದೆ ಹೇಳಿ? ಇದನ್ನೂ ಕುದಿಸಿ.

20 ಲೀಟರ್ ಕ್ಯಾನು, ಮಿನರಲ್ ವಾಟರ್ ಬಾಟಲಿ: ಕುಡಿಯುವ ನೀರೇ ಹೊರತು ಕ್ರಿಮಿರಹಿತವಲ್ಲ. ಕುದಿಸಿ.

ಡಿಸ್ಟಿಲ್ಡ್ ವಾಟರ್: ಕುದಿಸದೆ ಬಳಸಬಹುದಾದ ನೀರುಗಳಲ್ಲಿ ಇದೂ ಒಂದು ಎಂದು ವಿದೇಶದ ಸಲಹೆಗಳಲ್ಲಿ ಇರುತ್ತದೆ. ಇಲ್ಲಿ ಡಿಸ್ಟಿಲ್ಡ್ ವಾಟರ್ ಎಂದು ಕೇಳಿದರೆ ಪೆಟ್ರೋಲ್ ಬಂಕಿನಲ್ಲಿ, ಆಟೊಮೊಬೈಲ್ ಅಂಗಡಿಯಲ್ಲಿ ಕೊಡುವುದು ಇನ್ವರ್ಟರ್ ಬ್ಯಾಟರಿಗೆ ಹಾಕುವ ನೀರು. ಅದನ್ನು ಮೂಗಿನ ಹತ್ತಿರಕ್ಕೂ ತರಬೇಡಿ.

ಎನ್‌ಎಸ್ ಬಾಟಲಿ: ಔಷಧಿ ಅಂಗಡಿಯಲ್ಲಿ ಸಿಗುವ 0.9% ನಾರ್ಮಲ್ ಸಲೈನ್. ಇದು ಕ್ರಿಮಿರಹಿತ, ಉಪ್ಪಿನ ಪ್ರಮಾಣವೂ ಸರಿ, ಮತ್ತೆ ಉಪ್ಪು ಹಾಕಬಾರದು. ಪ್ರಯಾಣದಲ್ಲಿ ಅನುಕೂಲ. ಮುಚ್ಚಳ ತೆಗೆದ ಮೇಲೆ ಅದೂ ಮಾಮೂಲಿ ನೀರಿನಂತೆಯೇ, ಆವತ್ತೇ ಮುಗಿಸಿ, ಉಳಿದದ್ದು ಚೆಲ್ಲಿ.

ಕುದಿಸುವ ಕ್ರಮ ಹೀಗೆ. ಒಂದು ಲೀಟರಿಗಿಂತ ಸ್ವಲ್ಪ ಜಾಸ್ತಿ ನೀರು ಪಾತ್ರೆಗೆ ಹಾಕಿ. ಪುಡಿಯುಪ್ಪನ್ನೂ ಈಗಲೇ ಹಾಕಿ, ಅದರ ಅಳತೆ ಮುಂದಿನ ಹಂತದಲ್ಲಿದೆ. ತಳದಲ್ಲಿ ಸಣ್ಣ ಗುಳ್ಳೆ ಬಂದದ್ದು ಕುದಿ ಅಲ್ಲ. ಇಡೀ ಮೇಲ್ಮೈ ಕೊತಕೊತ ಎನ್ನಬೇಕು, ಸೌಟು ಆಡಿಸಿದರೂ ಕುದಿ ನಿಲ್ಲಬಾರದು. ಅಲ್ಲಿಂದ ಗಡಿಯಾರ ನೋಡಿ ಒಂದು ನಿಮಿಷ. ಸಮುದ್ರಮಟ್ಟದಿಂದ ಸುಮಾರು 2000 ಮೀಟರ್ ಮೇಲೆ ಹೋದರೆ ಮೂರು ನಿಮಿಷ ಬೇಕು, ಅಲ್ಲಿ ನೀರು ಕಡಿಮೆ ಬಿಸಿಗೇ ಕುದಿಯುತ್ತದೆ. ಕರ್ನಾಟಕದ ಅತಿ ಎತ್ತರದ ಮುಳ್ಳಯ್ಯನಗಿರಿಯೂ ಆ ಗೆರೆಗೆ ಚೂರು ಕೆಳಗೇ ಇದೆ, ಹಾಗಾಗಿ ನಮ್ಮ ರಾಜ್ಯದಲ್ಲಿ ಒಂದು ನಿಮಿಷ ಸಾಕು. ಊಟಿಗೆ ಹೋದಾಗ ಮೂರು ನಿಮಿಷ ಕುದಿಸಿ.

ಕುದಿದ ಮೇಲೆ ಮುಚ್ಚಳ ಹಾಕಿ ಹಾಗೇ ಆರಲು ಬಿಡಿ. ತಣ್ಣೀರು ಬೆರೆಸಬೇಡಿ, ಐಸ್ ಹಾಕಬೇಡಿ. ಬೇಗ ಆರಬೇಕೆಂದರೆ ಮುಚ್ಚಿದ ಪಾತ್ರೆಯನ್ನು ಅಗಲವಾದ ಬೇಸಿನ್ನಿನ ತಣ್ಣೀರಿನಲ್ಲಿ ಕೂರಿಸಿ, ಹೊರಗಿನ ನೀರು ಒಳಗೆ ಸಿಡಿಯಬಾರದು ಅಷ್ಟೇ. ಸುಲಭದ ದಾರಿ ಎಂದರೆ ರಾತ್ರಿ ಕುದಿಸಿ ಮುಚ್ಚಿಡುವುದು. ಬೆಳಿಗ್ಗೆ ಬೇಕಾದಷ್ಟು ಮಾತ್ರ ಬಾಟಲಿಗೆ ಸುರಿದು, ಆ ಬಾಟಲಿಯನ್ನು ಬಿಸಿನೀರಿನ ಮಗ್ಗಿನಲ್ಲಿ ಸ್ವಲ್ಪ ಹೊತ್ತು ನಿಲ್ಲಿಸಿದರೆ ಹದವಾಗುತ್ತದೆ. ಕುದಿಸಿದ ನೀರಿನ ಆಯುಷ್ಯ 24 ಗಂಟೆ. ಆಮೇಲೆ ಗಿಡಕ್ಕೆ ಹಾಕಬೇಡಿ, ಉಪ್ಪಿರುತ್ತದೆ, ಸಿಂಕಿಗೆ ಚೆಲ್ಲಿ.

## ಹಂತ 4: ಉಪ್ಪಿನ ಅಳತೆ

ಗುರಿ 0.9%. ಅಂದರೆ ಒಂದು ಲೀಟರಿಗೆ 9 ಗ್ರಾಂ. ನಮ್ಮ ಮೈಯ ದ್ರವದ ಉಪ್ಪಿಗೆ ಇದು ಹೊಂದುತ್ತದೆ. ಉಪ್ಪಿಲ್ಲದ ಸಪ್ಪೆ ನೀರೂ ಮೂಗಿನಲ್ಲಿ ಉರಿಯುತ್ತದೆ, ಈಜುವಾಗ ಮೂಗಿಗೆ ನೀರು ನುಗ್ಗಿದಾಗಿನ ಹಾಗೆ. ಉಪ್ಪು ಜಾಸ್ತಿಯಾದರೂ ಉರಿ. ಸುಮ್ನೆ ಉಪ್ಪು ಕಡಿಮೆ ಮಾಡುತ್ತಾ ಹೋದರೆ ಉರಿ ಹೋಗುತ್ತದೆ ಎಂದುಕೊಳ್ಳಬೇಡಿ.

ಅಡುಗೆಮನೆಯ ತಕ್ಕಡಿ ಎರಡು ಗ್ರಾಂ ತೂಗುವಾಗ ತಪ್ಪು ಹೇಳುತ್ತದೆ. 9 ಗ್ರಾಂ ಎಂದರೆ ತಪ್ಪು ಕಡಿಮೆ. ಅದಕ್ಕೇ ಒಂದು ಬಾಟಲಿಗೆ ಬದಲು ಒಂದು ಲೀಟರೇ ಮಾಡಿ, ಬೆಳಿಗ್ಗೆ ಸಂಜೆ ಬಳಸಿ, ಉಳಿದದ್ದು ಚೆಲ್ಲಿ. ತಕ್ಕಡಿ ಇಲ್ಲದಿದ್ದರೆ 5 ಮಿಲಿಯ ಅಳತೆ ಚಮಚದಲ್ಲಿ ಒಂದೂವರೆ ಚಮಚ ಪುಡಿಯುಪ್ಪು. ಚಮಚದ ಮೇಲೆ ಚಾಕುವಿನ ಬೆನ್ನು ಎಳೆದು ಮಟ್ಟ ಮಾಡಿದ ಚಮಚ, ಗೋಪುರದ ಚಮಚ ಅಲ್ಲ.

ಉಪ್ಪನ್ನು ಕುದಿಸುವ ಮೊದಲೇ ನೀರಿಗೆ ಹಾಕಿ. ಉಪ್ಪೂ ನೀರಿನ ಜೊತೆ ಕುದಿಯುತ್ತದೆ. ಒಲೆಯ ಮೇಲೆ ಮರೆತು ಹತ್ತು ನಿಮಿಷ ಕುದಿದರೆ ಮಾತ್ರ ನೀರು ಆವಿಯಾಗಿ ಉಪ್ಪು ಗಟ್ಟಿಯಾಗುತ್ತದೆ, ಆಗ ಚೆಲ್ಲಿ ಹೊಸದು ಮಾಡಿ.

ಅಡುಗೆ ಸೋಡಾ ಕಡ್ಡಾಯವಲ್ಲ, ಹಾಕಿದರೆ ಕೆಲವರಿಗೆ ಉರಿ ಕಡಿಮೆ. ಲೀಟರಿಗೆ ಕಾಲು ಟೀ ಚಮಚ. ಇದನ್ನು ಮಾತ್ರ ನೀರು ಆರಿದ ಮೇಲೆ, ಒಣ ಚಮಚದಲ್ಲಿ ಹಾಕಿ. ಕುದಿಯುವ ನೀರಿಗೆ ಹಾಕಿದರೆ ಅಡುಗೆ ಸೋಡಾ ವಾಷಿಂಗ್ ಸೋಡಾ ಕಡೆಗೆ ತಿರುಗುತ್ತದೆ, ಅದು ಮೂಗಿಗೆ ಖಾರ. ನೀಲಗಿರಿ ಎಣ್ಣೆ, ಅರಿಶಿನ, ಬಾಮ್ ಇವು ಯಾವುವೂ ಬೇಡ.

## ಹಂತ 5: ತೊಳೆಯುವುದು

1. ಕೈಯನ್ನು ಸೋಪಿನಲ್ಲಿ ತೊಳೆದು ಒರೆಸಿಕೊಳ್ಳಿ. ಮೂಗಿನಿಂದ ಮೆಲ್ಲಗೆ ಗಾಳಿ ಊದಿ ಸಿಂಬಳ ಖಾಲಿ ಮಾಡಿ. ಎರಡೂ ಹೊಳ್ಳೆ ಪೂರಾ ಕಟ್ಟಿದ್ದರೆ ಇವತ್ತು ಬೇಡ. ನೀರು ಹೋಗಲು ದಾರಿ ಇಲ್ಲದಿದ್ದರೆ ಅದು ಕಿವಿಯ ಕಡೆಗೆ ನುಗ್ಗುತ್ತದೆ.

2. ಎರಡು ಹನಿ ಮುಂಗೈಗೆ ಬಿಟ್ಟು ನೋಡಿ. ಬಿಸಿಯೂ ಅನ್ನಿಸಬಾರದು, ತಣ್ಣಗೂ ಅನ್ನಿಸಬಾರದು.

3. ಸಿಂಕಿನ ಮೇಲೆ ಸೊಂಟದಿಂದ ಬಗ್ಗಿ, ಮುಖ ಕೆಳಗೆ. ನೇತಿ ಪಾತ್ರೆಯಾದರೆ ತಲೆ ಪಕ್ಕಕ್ಕೆ ಓರೆ ಮಾಡಿ, ಹಣೆ ಮತ್ತು ಗದ್ದ ಹೆಚ್ಚುಕಡಿಮೆ ಒಂದೇ ಮಟ್ಟದಲ್ಲಿರಲಿ. ಹಣೆ ಮೇಲೆದ್ದರೆ ನೀರು ಗಂಟಲಿಗೆ ಇಳಿಯುತ್ತದೆ.

4. ಬಾಯಿ ತೆರೆದು ಬಾಯಿಂದಲೇ ಉಸಿರಾಡಿ. "ಆ..." ಎಂದು ದನಿ ಎಳೆಯುತ್ತಾ ಇರಿ. ತೊಳೆಯುವಾಗ ನುಂಗಬೇಡಿ, ಮಾತಾಡಬೇಡಿ. ನುಂಗಿದಾಗ ಮೂಗಿನ ಹಿಂದಿನಿಂದ ಕಿವಿಗೆ ಹೋಗುವ ನಾಳ ತೆರೆದುಕೊಳ್ಳುತ್ತದೆ. ಕಿವಿಗೆ ನೀರು ಹೋಯ್ತು ಎನ್ನುವವರ ಕಥೆ ಬಹಳ ಸಲ ಇಷ್ಟೇ.

5. ಬಾಟಲಿಯ ತುದಿ ಹೊಳ್ಳೆಗೆ ಒತ್ತಿ ಕೂರಲಿ, ಒಳಗೆ ತುರುಕಬೇಡಿ. ಮೆಲ್ಲಗೆ ಒತ್ತಿ. ನೀರು ಇನ್ನೊಂದು ಹೊಳ್ಳೆಯಿಂದ, ಕೆಲವರಿಗೆ ಬಾಯಿಂದ ಹೊರಬರುತ್ತದೆ. ಎರಡೂ ಸರಿಯೇ. ಅರ್ಧ ಬಾಟಲಿ ಒಂದು ಕಡೆ, ಅರ್ಧ ಇನ್ನೊಂದು ಕಡೆ.

6. ಮುಗಿದ ಮೇಲೆ ಬಗ್ಗಿಯೇ ಇದ್ದು ನೀರು ಇಳಿಯಲು ಬಿಡಿ. ತಲೆಯನ್ನು ಎಡಕ್ಕೆ ಬಲಕ್ಕೆ ತಿರುಗಿಸಿ. ಎರಡೂ ಹೊಳ್ಳೆ ತೆರೆದಿಟ್ಟೇ ಮೂಗಿನಿಂದ ಮೆಲ್ಲಗೆ ಗಾಳಿ ಊದಿ. ಒಂದನ್ನು ಮುಚ್ಚಿ ಜೋರಾಗಿ ಊದುವುದು ಕಿವಿಗೆ ಕೆಟ್ಟದ್ದು.

ಅರ್ಧ ಗಂಟೆ ಬಿಟ್ಟು ಚಪ್ಪಲಿ ಹಾಕಿಕೊಳ್ಳಲು ಬಗ್ಗಿದಾಗ ಮೂಗಿಂದ ತಟಕ್ಕೆಂದು ನೀರು ಸುರಿಯಬಹುದು. ಸೈನಸ್ಸಿನಲ್ಲಿ ನಿಂತದ್ದು ಅದು, ಗಾಬರಿ ಬೇಡ. ಇದೇ ಕಾರಣಕ್ಕೆ ಮಲಗುವ ಮುಂಚೆ ಕನಿಷ್ಠ ಒಂದು ಗಂಟೆ ಬಿಡುವು ಇರಲಿ. ಡಾಕ್ಟರ್ ಕೊಟ್ಟ ಮೂಗಿನ ಸ್ಪ್ರೇ ಇದ್ದರೆ ತೊಳೆದು ಹತ್ತು ಹದಿನೈದು ನಿಮಿಷ ಆದ ಮೇಲೆ ಹಾಕಿಕೊಳ್ಳಿ. ಮೊದಲು ಸ್ಪ್ರೇ ಹಾಕಿ ಆಮೇಲೆ ತೊಳೆದರೆ ಔಷಧಿ ಸಿಂಕಿಗೆ ಹೋಗುತ್ತದೆ.

## ತುಮಕೂರಿನ ಅತ್ತಿಗೆಯ ಲೆಕ್ಕ

ಇಷ್ಟೆಲ್ಲ ಎಲ್ಲಿ ತಪ್ಪುತ್ತದೆ ಎನ್ನುವುದನ್ನು ನಾನು ಕಣ್ಣಾರೆ ನೋಡಿದ್ದು ನಮ್ಮ ಅತ್ತಿಗೆಯ ಅಡುಗೆಮನೆಯಲ್ಲಿ. ಅವರಿಗೆ ಧೂಳಿನ ಅಲರ್ಜಿ. ಎರಡು ದಿನ ಮಾಡಿ, "ಮೆಣಸಿನಪುಡಿ ಹಾಕಿದ ಹಾಗಾಯ್ತು ಕಣೋ, ನಂಗೆ ಬೇಡ" ಎಂದು ಬಾಟಲಿಯನ್ನು ಅಟ್ಟಕ್ಕೆ ಎಸೆದಿದ್ದರು.

"ಅತ್ತಿಗೆ, ನನ್ನೆದುರಿಗೆ ಒಂದ್ಸಲ ಮಾಡಿ ತೋರಿಸಿ" ಎಂದೆ.

ಅರ್ಧ ಲೀಟರ್ ನೀರು ಚೆನ್ನಾಗಿಯೇ ಕುದಿಸಿದರು. ಸಾರಿಗೆ ಹಾಕುವ ಚಮಚದಲ್ಲಿ ಕಲ್ಲುಪ್ಪು ಗೋಪುರವಾಗಿ ತೆಗೆದು ಹಾಕಿದರು. ಆಮೇಲೆ ಚೊಂಬಿಗೆ ಸುರಿದು, ನಲ್ಲಿ ತಿರುಗಿಸಿ, ಬೆರಳು ಅದ್ದಿ ಅದ್ದಿ ನೋಡುತ್ತಾ ತಣ್ಣೀರು ಬೆರೆಸಿದರು. ನಾನು ಅಲ್ಲಿಗೇ ನಿಲ್ಲಿಸಿದೆ. ಅದೇ ಚಮಚದ ಉಪ್ಪನ್ನು ತಕ್ಕಡಿಯಲ್ಲಿ ಇಟ್ಟರೆ 14 ಗ್ರಾಂ. ಚೊಂಬಿನ ನೀರು ಅಳೆದರೆ 700 ಮಿಲಿ. ಅಂದರೆ 2%, ಬೇಕಾದ್ದಕ್ಕಿಂತ ಎರಡು ಪಟ್ಟಿಗೂ ಮೀರಿ. ಉರಿಯದೆ ಇರುತ್ತದಾ? ಆ 700 ಮಿಲಿಯಲ್ಲಿ 200 ಮಿಲಿ ಓವರ್‌ಹೆಡ್ ಟ್ಯಾಂಕಿನದ್ದು. ಅದರ ಜೊತೆ ಅವರ ಬೆರಳೂ ಮೂರು ಸಲ ನೀರಿನಲ್ಲಿ ಮುಳುಗಿತ್ತು.

"ಕುದಿಸಿದ್ನಲ್ಲಪ್ಪಾ" ಎಂದರು. ಕುದಿಸಿದ್ದು ನಿಜ. ಕುದಿಸಿದ ಮೇಲೆ ಕೆಟ್ಟಿತು.

ಅವತ್ತು ರಾತ್ರಿ ಲೀಟರ್ ನೀರಿಗೆ 9 ಗ್ರಾಂ ಪುಡಿಯುಪ್ಪು ಹಾಕಿ ಕುದಿಸಿ ಮುಚ್ಚಿಟ್ಟೆವು. ಬೆಳಿಗ್ಗೆ ಕಾಲು ಚಮಚ ಸೋಡಾ ಬೆರೆಸಿ, ಬಾಟಲಿಯನ್ನು ಬಿಸಿನೀರಿನಲ್ಲಿಟ್ಟು ಹದ ಮಾಡಿ ಕೊಟ್ಟೆ. ಉರಿ ಬರಲಿಲ್ಲ. ಮಧ್ಯದಲ್ಲಿ "ಬರ್ತಾ ಇದೆ ನೋಡೋ" ಎಂದು ಮಾತಾಡಲು ಹೋಗಿ ಒಂದು ಕಿವಿ ಗುಂಯ್ ಎಂದಿತು. ಎರಡನೆಯ ಕಡೆ "ಆ..." ಬಿಡದೆ ಮುಗಿಸಿದರು.

## ಹಂತ 6: ಬಾಟಲಿ ತೊಳೆದಿಡುವುದು

ನೀರಿನ ಮೇಲೆ ಇಷ್ಟು ಕಷ್ಟಪಟ್ಟು, ಕೊನೆಗೆ ಬಾಟಲಿಯನ್ನು ನಲ್ಲಿ ಕೆಳಗೆ ಹಿಡಿದು ಅಲುಗಾಡಿಸಿ ಒದ್ದೆಯಾಗಿಯೇ ಬಚ್ಚಲಲ್ಲಿ ಇಡುವವರೇ ಜಾಸ್ತಿ. ಪ್ರತಿ ಸಲ ಸೋಪು ಹಾಕಿ ಉಜ್ಜಿ, ಕೊನೆಯ ಜಾಲಾಟಕ್ಕೆ ಕುದಿಸಿ ಆರಿಸಿದ ನೀರನ್ನೇ ಬಳಸಿ. ಮುಚ್ಚಳ, ಒಳಗಿನ ನಳಿಕೆ ಬಿಚ್ಚಿ, ಬೋರಲು ಹಾಕಿ ಪೂರ್ತಿ ಒಣಗಿಸಿ. ಒಣಗುವುದು ಮುಖ್ಯ, ಒದ್ದೆ ಇದ್ದ ಕಡೆ ಲೋಳೆ ಕಟ್ಟುತ್ತದೆ. ಒಳಗೆ ಬೆರಳಾಡಿಸಿದರೆ ಜಾರಿದಂತಾದರೆ, ಕಪ್ಪು ಚುಕ್ಕೆ ಕಂಡರೆ ಆವತ್ತೇ ಎಸೆಯಿರಿ. ಚೆನ್ನಾಗಿದ್ದರೂ ಮೂರು ತಿಂಗಳಿಗೊಮ್ಮೆ ಬದಲಾಯಿಸಿ. ಒಂದು ಬಾಟಲಿ ಒಬ್ಬರಿಗೆ ಮಾತ್ರ, ಗಂಡ ಹೆಂಡತಿಯಾದರೂ ಬೇರೆ ಬೇರೆ.

## ಯಾವಾಗ ನಿಲ್ಲಿಸಬೇಕು, ಯಾವಾಗ ಓಡಬೇಕು

ಕಿವಿನೋವು ಒಂದು ದಿನ ಕಳೆದರೂ ಹೋಗದಿದ್ದರೆ, ತೊಳೆದಾಗೆಲ್ಲ ರಕ್ತ ಬಂದರೆ, ಮುಖದ ನೋವು ಹೆಚ್ಚಾಗಿ ಜ್ವರ ಬಂದರೆ ನಿಲ್ಲಿಸಿ ಡಾಕ್ಟರಿಗೆ ತೋರಿಸಿ. ಒಂದೇ ಹೊಳ್ಳೆಯಿಂದ ತಿಳಿನೀರು ದಿನವಿಡೀ ತೊಟ್ಟಿಕ್ಕುತ್ತಿದ್ದರೆ, ಅದರಲ್ಲೂ ತಲೆಗೆ ಪೆಟ್ಟು ಬಿದ್ದ ಮೇಲೆ ಶುರುವಾಗಿದ್ದರೆ, ಅದು ನೆಗಡಿ ಆಗಿರಲಿಕ್ಕಿಲ್ಲ. ಮೆದುಳಿನ ಸುತ್ತಲಿನ ದ್ರವ ಸೋರುತ್ತಿರಬಹುದು. ಸಕ್ಕರೆ ಕಾಯಿಲೆ ಇರುವವರಿಗೆ ಮೂಗಿನಲ್ಲಿ ಕಪ್ಪು ಹಕ್ಕಳೆ, ಮುಖದ ಒಂದು ಕಡೆ ಊತ ಕಂಡರೆ ತೊಳೆಯುತ್ತಾ ಕೂರಬೇಡಿ, ಅದೇ ದಿನ ಆಸ್ಪತ್ರೆಗೆ ಹೋಗಿ.

ಕುದಿಸದ ನೀರು ಮೂಗಿಗೆ ಹೋದ 12 ದಿನಗಳ ಒಳಗೆ ಜೋರು ತಲೆನೋವು, ಜ್ವರ, ವಾಂತಿ, ಕುತ್ತಿಗೆ ಬಿಗಿತ ಅಥವಾ ಮಾತಿನಲ್ಲಿ ಗಲಿಬಿಲಿ ಕಂಡರೆ ನಾಳೆ ನೋಡೋಣ ಎನ್ನಬೇಡಿ. ತುರ್ತು ವಿಭಾಗಕ್ಕೆ ಹೋಗಿ, ಅವರು ಕೇಳುವ ಮೊದಲೇ "ಇಂಥ ದಿನ ಇಂಥ ನೀರಿನಲ್ಲಿ ಮೂಗು ತೊಳೆದಿದ್ದೆ" ಎಂದು ಹೇಳಿ. ಶುರುವಿನಲ್ಲಿ ಇದು ಮಾಮೂಲಿ ಮೆದುಳು ಜ್ವರದಂತೆಯೇ ಕಾಣುತ್ತದೆ. ನೀರಿನ ವಿಷಯ ಹೇಳಿದರೆ ಮಾತ್ರ ಬೆನ್ನುಹುರಿಯ ದ್ರವದಲ್ಲಿ ಅಮೀಬಾ ಹುಡುಕಬೇಕು ಎಂಬುದು ಡಾಕ್ಟರಿಗೆ ಹೊಳೆಯುತ್ತದೆ.